ಅಪ್‌ಡೇಟ್: ಎಐ ಚಿತ್ರ ನೋಡಿ ಒಪ್ಪಿಕೊಂಡಿದ್ದ ಮದುವೆ ಕುಪ್ಪಸ

ಅಂದು ಕೇಳಿದ್ದು: "ಎಐ ಚಿತ್ರದಲ್ಲಿ ಖಣದ ದಡಿ ಬೆನ್ನಿನ ದುಂಡು ಕೊರಳ ಸುತ್ತ ಸುಕ್ಕಿಲ್ಲದೆ ತಿರುಗಿದೆ. ಮದುಮಗಳಿಗೆ ಅದೇ ಬೇಕು. ಹೊಲಿಯುವುದು ಹೇಗೆ?"

ಕೊಪ್ಪಳದಿಂದ ಮತ್ತೆ ಬರೀತಿದ್ದೀನಿ. ಗುಳೇದಗುಡ್ಡ ಖಣಕ್ಕೆ ಕತ್ತರಿ ಹಾಕುವ ಮೊದಲು ಹಳೇ ದಡಿಯೊಂದನ್ನು ದುಂಡಗೆ ಪಿನ್ ಮಾಡಿ ನೋಡಿದೆ. ಹೊರ ಅಂಚು ಸರಿಯಾಗಿ ಕೂತರೆ ಕೊರಳ ಕಡೆಯ ಅಂಚು ನೆರಿಗೆ ಕಟ್ಟುತ್ತೆ. ನೇರವಾಗಿ ನೇಯ್ದ ದಡಿ ಬಾಗುವುದಿಲ್ಲ.

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಭುಜದ ಹೊಲಿಗೆಯೂ ಇಲ್ಲ, ಹುಕ್ಕೂ ಇಲ್ಲ! ಅದನ್ನು ಮೊದಲೇ ನೋಡಬೇಕಿತ್ತು.

ಮದುಮಗಳನ್ನು ಕರೆಸಿ ಪಿನ್ ಮಾಡಿದ್ದನ್ನೇ ತೋರಿಸಿದೆ.

"ಅಕ್ಕಾರ, ಫೋಟೋದಾಗ ಬಂದೈತಲ್ರಿ?"

"ಫೋಟೋಕ್ಕ ಅರಿವಿ ಬೇಕಾಗಿಲ್ಲವ್ವಾ. ನನಗ ಬೇಕು."

ಬಟ್ಟೆ ಒಂದೇ ಮೀಟರ್, ಅಂದರೆ 39 ಇಂಚು. ಎರಡು ತೋಳಿಗೆ 14ರಂತೆ 28 ಇಂಚು ದಡಿ ಒಂದು ಅಂಚಿನಿಂದಲೇ ಸಿಕ್ಕಿತು. ಇನ್ನೊಂದು ಅಂಚಿನ ದಡಿ ಬೆನ್ನಿಗೆ. ದುಂಡು ಕೊರಳು ಬಿಟ್ಟು ಚೌಕ ಮಾಡಿದೆವು: 8 ಇಂಚು ಆಳ, 7 ಅಗಲ. ಮೂಲೆಗಳಲ್ಲಿ ದಡಿಯನ್ನು ಓರೆಯಾಗಿ ಮಡಚಿ ಹೊಲಿದರೆ ಸುಕ್ಕೇ ಇಲ್ಲ.

ಮೊದಲು ಲೈನಿಂಗ್ ಬಟ್ಟೆಯಲ್ಲೇ ಹೊಲಿದು ತೊಡಿಸಿದೆ. ಬಲ ಭುಜ ಕಾಲಿಂಚು ಜಾರುತ್ತಿತ್ತು, ಹಿಡಿದೆ. ಆ ಜಾರುವಿಕೆ ಯಾವ ಚಿತ್ರದಲ್ಲೂ ಇರಲಿಲ್ಲ. ಕುಪ್ಪಸ ನಿನ್ನೆ ಒಯ್ದಳು.