ಟರ್ಮಿನಲ್ ಒಳಗಿನ ಹೋಟೆಲ್ ಬುಕ್ ಮಾಡುವ ಮುಂಚೆ ಬ್ಯಾಗ್ ಟ್ಯಾಗ್ ನೋಡಿ

ಪ್ರಶ್ನೆ: ಅಮ್ಮನ ಜೊತೆ ಇಸ್ತಾಂಬುಲ್ ಮೂಲಕ ರೋಮ್‌ಗೆ ಹೋಗುತ್ತಿದ್ದೇನೆ. ರಾತ್ರಿ 9:30ಕ್ಕೆ ಇಳಿಯುತ್ತೇವೆ, ಮುಂದಿನ ವಿಮಾನ ಬೆಳಗ್ಗೆ 10:30ಕ್ಕೆ. ಎರಡೂ ಬೇರೆ ಬೇರೆ ಟಿಕೆಟ್, ಎರಡು ದೊಡ್ಡ ಬ್ಯಾಗ್ ಇವೆ. ಟರ್ಮಿನಲ್ ಒಳಗೇ ಇರುವ ಹೋಟೆಲ್ ಬುಕ್ ಮಾಡಲಾ?

ಉತ್ತರ (ವಿಮಾನ ನಿಲ್ದಾಣದ ಟ್ರಾನ್ಸ್‌ಫರ್ ಡೆಸ್ಕ್‌ನಲ್ಲಿ ಕೆಲಸ ಮಾಡುವವರು): ಈಗಲೇ ಬುಕ್ ಮಾಡಬೇಡಿ. ಮೊದಲ ವಿಮಾನದ ಚೆಕ್‌ಇನ್‌ನಲ್ಲಿ ಬ್ಯಾಗಿಗೆ ಕಟ್ಟುವ ಟ್ಯಾಗ್ ಮೇಲೆ ದೊಡ್ಡದಾಗಿ ಮೂರು ಅಕ್ಷರ ಇರುತ್ತವೆ. FCO ಅಂತ ಇದ್ದರೆ ಬ್ಯಾಗ್ ನೇರ ರೋಮ್‌ಗೆ ಹೋಗುತ್ತದೆ. IST ಅಂತ ಇದ್ದರೆ ಇಸ್ತಾಂಬುಲ್‌ನ ಬೆಲ್ಟ್ ಮೇಲೆ ಬರುತ್ತದೆ. ಆ ಬೆಲ್ಟ್ ಇರುವುದು ಇಮಿಗ್ರೇಶನ್ ದಾಟಿದ ಮೇಲೆ. ಅಂದರೆ ನೀವು ಆ ದೇಶದೊಳಗೆ ಕಾಲಿಡಬೇಕು, ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕಿದ್ದರೆ ಅದೂ ಬೇಕು. ಬೇರೆ ಬೇರೆ ಟಿಕೆಟ್ ಇದ್ದಾಗ ಬಹಳ ಸಲ ಹೀಗೇ ಆಗುತ್ತದೆ. ಆಗ ಒಳಗಿನ ರೂಮಿಗೆ ಕೊಟ್ಟ ಹಣ ಸುಮ್ನೆ ಹೋಗುತ್ತದೆ.

ಇಸ್ತಾಂಬುಲ್‌ನ ಹೊಸ ನಿಲ್ದಾಣದಲ್ಲಿ ಒಂದೇ ಹೋಟೆಲ್ ಎರಡೂ ಕಡೆ ರೂಮ್ ಕೊಡುತ್ತದೆ. ಒಂದು ಭಾಗ ಇಮಿಗ್ರೇಶನ್ ದಾಟದೆ ಹೋಗುವ ಒಳಗಿನ ಕಡೆ, ಅಂದರೆ airside. ಇನ್ನೊಂದು ಇಮಿಗ್ರೇಶನ್ ದಾಟಿದ ಮೇಲೆ ಸಿಗುವ ಹೊರಗಿನ ಕಡೆ, ಅಂದರೆ landside. ಬುಕ್ ಮಾಡುವಾಗ ಹೆಸರಿನ ಜೊತೆ airside ಇದೆಯೋ landside ಇದೆಯೋ ನೋಡಲೇಬೇಕು.

ಇನ್ನೊಬ್ಬರು: ಟ್ರಾನ್ಸಿಟ್ ಹೋಟೆಲ್‌ಗೆ ವೀಸಾನೇ ಬೇಡ ಅಲ್ವಾ? ಅದಕ್ಕೇ ಅಲ್ವಾ ಅದು ಇರೋದು?

ಉತ್ತರ: ಬ್ಯಾಗ್ ಮುಂದಕ್ಕೆ ಹೋಗುತ್ತಿದ್ದರೆ, ಅಥವಾ ಕೈಚೀಲ ಮಾತ್ರ ಇದ್ದರೆ, ನೀವು ಹೇಳಿದ್ದು ಬಹುತೇಕ ನಿಜ. ಆದರೆ ಕೆಲವು ದೇಶಗಳು ಕೆಲವು ಪಾಸ್‌ಪೋರ್ಟ್‌ಗಳಿಗೆ ಹೊರಗೆ ಹೋಗದಿದ್ದರೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಅಮೆರಿಕದಲ್ಲಂತೂ ಒಂದೇ ಟಿಕೆಟ್ ಇದ್ದರೂ ಎಲ್ಲರೂ ಇಮಿಗ್ರೇಶನ್ ದಾಟಲೇಬೇಕು.

ಮತ್ತೊಬ್ಬರು: ನನಗೆ ಆಗಿದ್ದು ಬೇರೆ. ಒಂದು ಕಡೆ ರಾತ್ರಿ 12:40ಕ್ಕೆ ಇಳಿದೆ, ತಾರೀಕು 12. ಹೋಟೆಲನ್ನೂ 12ಕ್ಕೇ ಬುಕ್ ಮಾಡಿದ್ದೆ. ಹೋಗಿ ಕೇಳಿದರೆ ರೂಮ್ ಆ ದಿನ ಮಧ್ಯಾಹ್ನ 2 ಗಂಟೆಯಿಂದ ಅಂದರು. ಕುರ್ಚಿ ಮೇಲೆ ರಾತ್ರಿ ಕಳೆದೆ.

ಉತ್ತರ: ಇದು ಎಷ್ಟೋ ಜನರಿಗೆ ಆಗುತ್ತದೆ. ಮಧ್ಯರಾತ್ರಿ ದಾಟಿ ಇಳಿಯುವವರು ಹಿಂದಿನ ದಿನದ ತಾರೀಕಿಗೆ ಬುಕ್ ಮಾಡಬೇಕು, ತಡವಾಗಿ ಬರುತ್ತೇನೆ ಅಂತ ಹೋಟೆಲ್‌ಗೆ ತಿಳಿಸಿಡಬೇಕು. ಗಂಟೆ ಲೆಕ್ಕದಲ್ಲಿ ಕೊಡುವ ಹೋಟೆಲ್‌ಗಳಲ್ಲಿ ಇನ್ನೊಂದು ಕೇಳಿ: ವಿಮಾನ ತಡವಾದರೆ ಗಂಟೆ ಯಾವಾಗಿನಿಂದ ಎಣಿಸುತ್ತಾರೆ, ಬುಕ್ ಮಾಡಿದ ಹೊತ್ತಿನಿಂದಲೋ, ನೀವು ಬಂದ ಹೊತ್ತಿನಿಂದಲೋ?

ಪ್ರಶ್ನೆ ಕೇಳಿದವರು: ಟ್ಯಾಗ್ IST ಅಂತಲೇ ಬಂದರೆ ಆ ರಾತ್ರಿ ಹೇಗೆ ಕಳೆಯೋದು ಸರ್?

ಉತ್ತರ: 9:30ಕ್ಕೆ ಇಳಿದರೆ, ಇಮಿಗ್ರೇಶನ್ ಸಾಲು, ಬ್ಯಾಗ್ ಎಲ್ಲ ಮುಗಿಯುವಾಗ 11 ಅಂದುಕೊಳ್ಳಿ. ರೋಮ್ ವಿಮಾನದ ಚೆಕ್‌ಇನ್ ಸುಮಾರು 3 ಗಂಟೆ ಮುಂಚೆ, ಅಂದರೆ 7:30ರ ಹೊತ್ತಿಗೆ ತೆರೆಯಬಹುದು. ಅಲ್ಲಿಯವರೆಗೆ ಬ್ಯಾಗ್ ನಿಮ್ಮ ಕೈಯಲ್ಲೇ. 13 ಗಂಟೆ ಇದ್ದರೂ, ಓಡಾಟ, ತಯಾರಿ ಕಳೆದು ನಿದ್ದೆಗೆ ಸಿಗುವುದು ಸುಮಾರು 7 ಗಂಟೆ. ಅಮ್ಮ ಜೊತೆಗಿದ್ದಾರೆ, ವೀಸಾ ಇದ್ದರೆ ಹೊರಗಿನ ಭಾಗದಲ್ಲೇ ರೂಮ್ ತಗೊಳ್ಳಿ. ಬ್ಯಾಗ್ ರೂಮಿನಲ್ಲೇ ಇರುತ್ತದೆ, ಲಗೇಜ್ ಕೌಂಟರ್‌ಗೆ ಬೇರೆ ದುಡ್ಡು ಕೊಡುವುದು ಬೇಡ.

ರೂಮ್ ಬೇಡ ಅಂದರೆ ದೊಡ್ಡ ಬ್ಯಾಗ್‌ಗಳನ್ನು ಲಗೇಜ್ ಇಡುವ ಕೌಂಟರ್‌ನಲ್ಲಿ ಕೊಡಿ. ಎರಡು ಬ್ಯಾಗ್ ಕಾಯುತ್ತಾ ಯಾರಿಗೂ ನಿದ್ದೆ ಬರಲ್ಲ. ಕೊಡುವ ಮುಂಚೆ ಬೆಳಗ್ಗೆ ಎಷ್ಟು ಹೊತ್ತಿಗೆ ತೆರೆದಿರುತ್ತದೆ ಅಂತ ಕೇಳಿ. ಪಾಸ್‌ಪೋರ್ಟ್, ಅಮ್ಮನ ಮಾತ್ರೆ, ದುಡ್ಡು ಅದರಲ್ಲಿ ಬಿಡಬೇಡಿ.

ಮಲಗಲು ಮೂಲೆಯ ಕತ್ತಲು ಜಾಗ ಹುಡುಕಬೇಡಿ. ರಾತ್ರಿಯಿಡೀ ಸಿಬ್ಬಂದಿ ಇರುವ ಮಾಹಿತಿ ಕೌಂಟರ್ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಿ. ಕೈಚೀಲದ ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳಿ, ಪಾಸ್‌ಪೋರ್ಟ್ ಬಟ್ಟೆಯ ಒಳಗಿರಲಿ. ಇಬ್ಬರೂ ಒಟ್ಟಿಗೆ ಮಲಗುವ ಬದಲು ಸರದಿ ಮೇಲೆ ಮಲಗಿ. ಅಲಾರಂ ಇಡುವ ಮುಂಚೆ ಫೋನ್ ಅಲ್ಲಿನ ಸಮಯಕ್ಕೆ ಬದಲಾಗಿದೆಯಾ ನೋಡಿ. ವಿಮಾನದ ಮೋಡ್‌ನಲ್ಲೇ ಬಿಟ್ಟು ಮಲಗಿ ವಿಮಾನ ತಪ್ಪಿಸಿಕೊಂಡವರನ್ನು ನಮ್ಮ ಡೆಸ್ಕ್‌ನಲ್ಲಿ ನೋಡಿದ್ದೇನೆ, ಪಾಪ.

ಇನ್ನೊಬ್ಬರು: ಕಾರ್ಡ್ ಇದ್ದರೆ ಲೌಂಜ್‌ನಲ್ಲೇ ಮಲಗಿಬಿಡಿ.

ಉತ್ತರ: ಕಾರ್ಡ್ ಪ್ರವೇಶಕ್ಕೆ ತುಂಬಾ ಕಡೆ 3 ಗಂಟೆಯ ಮಿತಿ ಇರುತ್ತದೆ. ಬಹಳಷ್ಟು ಲೌಂಜ್ ಇರುವುದೂ airside ಕಡೆ. ಬೆಳಗ್ಗೆ ಮುಖ ತೊಳೆದು ತಿಂಡಿ ತಿನ್ನಲು ಒಳ್ಳೆಯದು.

ಪ್ರಶ್ನೆ ಕೇಳಿದವರು: ಎರಡನೇ ಟಿಕೆಟ್ ತೋರಿಸಿ ರೋಮ್‌ವರೆಗೆ ಟ್ಯಾಗ್ ಹಾಕಿ ಅಂತ ಕೇಳಬಹುದಾ?

ಉತ್ತರ: ಕೇಳಿ, ಎರಡು ವಿಮಾನಯಾನ ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಕೆಲವರು ಹಾಕಿಕೊಡುತ್ತಾರೆ. ಒಪ್ಪಂದ ಇದ್ದೂ ಆಗಲ್ಲ ಅನ್ನುವವರೂ ಇದ್ದಾರೆ. ಹಾಗಾಗಿ ವೀಸಾ ಮೊದಲೇ ಮಾಡಿಸಿಡಿ, ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮ್ ನೋಡಿ. FCO ಟ್ಯಾಗ್ ಸಿಕ್ಕಿಬಿಟ್ಟರೆ ರಾತ್ರಿ ಆ ಬ್ಯಾಗ್ ನಿಮಗೆ ಸಿಗಲ್ಲ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ಮತ್ತೊಬ್ಬರು: ನನ್ನ ಎರಡು ಟಿಕೆಟೂ ಒಂದೇ ಕಂಪನಿಯದ್ದು. ಆದರೂ ಹೀಗೇನಾ?

ಉತ್ತರ: ಒಂದೇ ಕಂಪನಿಯಾದರೂ ಬುಕಿಂಗ್ ನಂಬರ್ ಬೇರೆ ಬೇರೆ ಇದ್ದರೆ ಖಾತ್ರಿ ಇಲ್ಲ. ಚೆಕ್‌ಇನ್‌ನಲ್ಲಿ ಕೇಳಿ, ಟ್ಯಾಗ್ ಕಣ್ಣಾರೆ ಓದಿ.