ಪದಚರ್ಚೆ: ‘ಘನ ಸಾಮರ್ಥ್ಯ’ ಅಂದರೆ ಓದುಗರಿಗೆ ಏನು ಅರ್ಥ ಆಗುತ್ತದೆ?

ಗೆಳೆಯರೇ,

ನನ್ನ ಚಿಕ್ಕಪ್ಪನ ಮಗ ಒಂದು ಬೈಕಿನ ಬ್ರೋಷರನ್ನು ಕನ್ನಡಕ್ಕೆ ತರುತ್ತಿದ್ದಾನೆ. ಅವನಿಗೆ ಭಾಷೆ ಚೆನ್ನಾಗಿ ಬರುತ್ತದೆ, ಎಂಜಿನ್ ಅಷ್ಟಾಗಿ ಗೊತ್ತಿಲ್ಲ. ನನ್ನದು ಉಲ್ಟಾ. ಎಂಜಿನ್ ನನ್ನ ದಿನನಿತ್ಯದ ಕೆಲಸ, ಆದರೆ ಕನ್ನಡ ಪದಕ್ಕೆ ತಡಕಾಡುತ್ತೇನೆ. ‘ಕ್ಯೂಬಿಕ್ ಕೆಪ್ಯಾಸಿಟಿ’ಗೆ ಅವನು ‘ಘನ ಸಾಮರ್ಥ್ಯ’ ಅಂತ ಬರೆದಿದ್ದಾನೆ. ‘ಬೋರ್’ಗೆ ‘ಕೊರೆತ’, ‘ಸ್ಟ್ರೋಕ್’ಗೆ ‘ಹೊಡೆತ’. ಮೂರೂ ನನಗೆ ಸರಿ ಕಾಣಲಿಲ್ಲ. ಯಾಕೆ ಅಂತ ಅವನಿಗೆ ಬರೆದ ಕಾಗದವನ್ನೇ ಇಲ್ಲಿ ಹಾಕುತ್ತಿದ್ದೇನೆ. ಓದಿ, ಪದ ಸೂಚಿಸಿ.

—

ಪ್ರೀತಿಯ ತಮ್ಮಾ,

ನೀನು ಕಳಿಸಿದ ಸಾಲು ಇದು: ‘ಕ್ಯೂಬಿಕ್ ಕೆಪ್ಯಾಸಿಟಿ 97.2 ಸಿಸಿ, ಬೋರ್ × ಸ್ಟ್ರೋಕ್ 50 × 49.5 ಮಿ.ಮೀ., ಫೋರ್ ಸ್ಟ್ರೋಕ್, ಸಿಂಗಲ್ ಸಿಲಿಂಡರ್.’ ನೀನು ಲೆಕ್ಕ ಹಾಕಿದರೆ 389 ಸಿಸಿ ಬಂತಂತೆ. ಅಚ್ಚಿನ ತಪ್ಪಾ ಅಂತ ಕೇಳಿದ್ದೀಯ. ಅಚ್ಚು ಸರಿಯಾಗಿದೆ. ಎಡವಿಸಿದ್ದು ‘ಸ್ಟ್ರೋಕ್’ ಅನ್ನೋ ಪದ. ಅದಕ್ಕೆ ಆಮೇಲೆ ಬರುತ್ತೇನೆ.

ಸೂಜಿ ಇಲ್ಲದ ಒಂದು ಸಿರಿಂಜ್ ಸಿಕ್ಕರೆ ಕೈಗೆ ತಗೋ. 5 ಎಂಎಲ್‌ದು ಸಾಕು. ಎಂಎಲ್, ಸಿಸಿ ಎರಡೂ ಒಂದೇ ಅಳತೆ. ಸಿಸಿ ಅಂದರೆ ಘನ ಸೆಂಟಿಮೀಟರ್. ಒಳಗಿನ ಕಡ್ಡಿಯನ್ನು ಪೂರ್ತಿ ಒತ್ತು. ಈಗ ನಿಧಾನವಾಗಿ 5ರ ಗೆರೆ ತನಕ ಎಳೆ. ಕಡ್ಡಿಯ ತುದಿಯ ರಬ್ಬರ್ ಎಷ್ಟು ಜಾಗ ಬಿಟ್ಟುಕೊಂಡು ಕೆಳಗೆ ಬಂತೋ, ಆ ಜಾಗ 5 ಸಿಸಿ. ಕೊಳವೆಯ ಒಳಗಿನ ಅಗಲವೇ ಬೋರ್. ರಬ್ಬರ್ ಈ ತುದಿಯಿಂದ ಆ ತುದಿಗೆ ಓಡಿದ ದೂರವೇ ಸ್ಟ್ರೋಕ್. ಕೊಳವೆಯ ಒಳ ಅಗಲ 12 ಮಿ.ಮೀ. ಇದ್ದರೆ 5 ಸಿಸಿಗೆ ಸುಮಾರು 44 ಮಿ.ಮೀ. ಎಳೆಯಬೇಕು. ಅಗಲ 24 ಮಿ.ಮೀ. ಇದ್ದರೆ 11 ಮಿ.ಮೀ. ಎಳೆದರೆ ಸಾಕು. ಅಗಲ ಎರಡು ಪಟ್ಟಾದರೆ ಎಳೆಯುವ ದೂರ ನಾಲ್ಕರಲ್ಲೊಂದು ಪಾಲಾಗುತ್ತದೆ.

ಕಡ್ಡಿಯನ್ನು ಪೂರ್ತಿ ಒತ್ತಿದ ಮೇಲೂ ಸಿರಿಂಜಿನ ಮೂತಿಯಲ್ಲಿ ಒಂದು ಹನಿ ಉಳಿಯುತ್ತದಲ್ಲ, ಅದನ್ನೂ ಗಮನಿಸು. ಅದು 5 ಸಿಸಿ ಲೆಕ್ಕಕ್ಕೆ ಸೇರಿಲ್ಲ. ಎಂಜಿನ್ನಿನಲ್ಲೂ ಹಾಗೇ. ಅಲ್ಲಿ ಕೊಳವೆ ಅಂದರೆ ಸಿಲಿಂಡರ್, ರಬ್ಬರ್ ಅಂದರೆ ಪಿಸ್ಟನ್. ಪಿಸ್ಟನ್ ಪೂರ್ತಿ ಮೇಲೆ ಹೋದಾಗಲೂ ಅದರ ತಲೆ ಮೇಲೆ ಒಂದಿಷ್ಟು ಜಾಗ ಉಳಿಯುತ್ತದೆ. ಪೆಟ್ರೋಲು ಗಾಳಿ ಬೆರೆತದ್ದು ಒತ್ತಿಸಿಕೊಂಡು ಹೊತ್ತಿಕೊಳ್ಳುವುದು ಅಲ್ಲೇ. ನಿನ್ನ ಬ್ರೋಷರಿನಲ್ಲಿ ಕಂಪ್ರೆಷನ್ ರೇಶಿಯೊ 9:1, ಅಂದರೆ ಒಳಗಿದ್ದದ್ದನ್ನು ಒಂಬತ್ತರಲ್ಲೊಂದು ಪಾಲಿಗೆ ಒತ್ತುತ್ತದೆ ಅಂತ ಇದ್ದರೆ ಆ ಜಾಗ ಸುಮಾರು 12 ಸಿಸಿ. 97.2ರಲ್ಲಿ ಇದು ಸೇರಿಲ್ಲ. ಹಾಗಾಗಿ ‘ಕೆಪ್ಯಾಸಿಟಿ’ ಅಂದರೆ ಪಾತ್ರೆಯಲ್ಲಿ ಹಿಡಿಸುವಷ್ಟು ಅಂತ ಅಲ್ಲ. ಪಿಸ್ಟನ್ ಒಂದು ಸಲ ಓಡಿ ಬರುವ ಜಾಗ, ಅಷ್ಟೇ. ದೊಡ್ಡಪ್ಪ ಅದನ್ನು ಟ್ಯಾಂಕಿನಲ್ಲಿ ಹಿಡಿಸುವ ಪೆಟ್ರೋಲ್ ಅಂದುಕೊಂಡಿದ್ದಾರೆ ಅಂತ ಬರೆದಿದ್ದೀಯಲ್ಲ, ಆ ಪದ ಹಾಗೇ ದಾರಿ ತಪ್ಪಿಸುತ್ತದೆ.

ಈಗ ನಿನ್ನ ಲೆಕ್ಕ. ಬೋರ್ 5 ಸೆಂ.ಮೀ., ಅದರ ಅರ್ಧ 2.5. ಅದನ್ನು ಅದರಿಂದಲೇ ಗುಣಿಸಿದರೆ 6.25. ಅದನ್ನು 3.1416ರಿಂದ ಗುಣಿಸಿದರೆ ಪಿಸ್ಟನ್ನಿನ ತಲೆಯ ಹರವು 19.63 ಚದರ ಸೆಂ.ಮೀ. ಓಟ 4.95 ಸೆಂ.ಮೀ. ಎರಡನ್ನೂ ಗುಣಿಸು, 97.2 ಬಂತು. ಎರಡು ಸಿಲಿಂಡರ್ ಇದ್ದಿದ್ದರೆ ಎರಡರಿಂದ ಗುಣಿಸಬೇಕಿತ್ತು. ನೀನು ‘ಫೋರ್ ಸ್ಟ್ರೋಕ್’ ನೋಡಿ ನಾಲ್ಕರಿಂದ ಗುಣಿಸಿಬಿಟ್ಟೆ.

ಒಂದೇ ಸಾಲಿನಲ್ಲಿ ‘ಸ್ಟ್ರೋಕ್’ ಎರಡು ಸಲ ಬಂದಿದೆ, ಎರಡು ಅರ್ಥದಲ್ಲಿ. 49.5 ಮಿ.ಮೀ. ಅನ್ನೋ ಕಡೆ ಅದು ಉದ್ದ. ‘ಫೋರ್ ಸ್ಟ್ರೋಕ್’ ಅನ್ನೋ ಕಡೆ ಅದು ಎಣಿಕೆ: ಒಂದು ಸಲ ಉರಿಯುವ ಕೆಲಸ ಪೂರ್ತಿ ಮುಗಿಯಲು ಪಿಸ್ಟನ್ ನಾಲ್ಕು ಸಲ ಓಡುತ್ತದೆ. ಒಳಗೆಳೆಯಲು ಕೆಳಗೆ, ಒತ್ತಲು ಮೇಲೆ, ಉರಿದಾಗ ಕೆಳಗೆ, ಹೊಗೆ ತಳ್ಳಲು ಮೇಲೆ. ನಾಲ್ಕೂ ಸಲ ಓಡುವುದು ಅದೇ 49.5 ಮಿ.ಮೀ. ಜಾಗದಲ್ಲಿ. ‘ಹೊಡೆತ’ ಅಂತ ಬರೆದರೆ ಎಣಿಕೆಗೆ ಹೇಗೋ ಹೊಂದುತ್ತದೆ. ‘ಹೊಡೆತ 49.5 ಮಿ.ಮೀ.’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

‘ಘನ ಸಾಮರ್ಥ್ಯ’ವನ್ನಂತೂ ದಯವಿಟ್ಟು ತೆಗೆದುಬಿಡು. ಗಣಿತ ಬಿಟ್ಟರೆ ಕನ್ನಡದಲ್ಲಿ ‘ಘನ’ ಅಂದರೆ ದೊಡ್ಡದು, ಗಟ್ಟಿ, ಗೌರವದ್ದು. ‘ಸಾಮರ್ಥ್ಯ’ ಅಂದರೆ ತಾಕತ್ತು. ಎರಡೂ ಸೇರಿದರೆ ಓದುವವರು ‘ಈ ಬೈಕಿಗೆ ಭಾರೀ ತಾಕತ್ತಿದೆ’ ಅಂತಲೇ ಓದುತ್ತಾರೆ. ತಾಕತ್ತಿಗೆ ಬ್ರೋಷರಿನಲ್ಲಿ ಬೇರೆಯದೇ ಸಾಲು ಇದೆ.

ನಿನ್ನ
ಅಕ್ಕ

—

ಉತ್ತರ, ಒಬ್ಬ ಹಿರಿಯ ಅನುವಾದಕರಿಂದ:

‘ಘನ ಸಾಮರ್ಥ್ಯ’ದ ಬಗ್ಗೆ ನಿಮ್ಮ ಮಾತು ನ್ಯಾಯವಾಗಿದೆ. ಶಾಲೆಯ ಗಣಿತದಲ್ಲಿ ‘ಘನಫಲ’ ಅಂತ ಒಂದು ಪದ ಇದೆ. ಅದು ಎಲ್ಲರೂ ಓದಿದ್ದು. ‘ಎಂಜಿನ್ ಘನಫಲ 97.2 ಸಿಸಿ’ ಅನ್ನಬಹುದು. ‘ಎಂಜಿನ್ ಗಾತ್ರ’ ಇನ್ನೂ ಸುಲಭ, ಆದರೆ ಹೊರಗಿನಿಂದ ಎಂಜಿನ್ ಎಷ್ಟು ದೊಡ್ಡದು ಅಂತ ಓದಿಕೊಳ್ಳುವ ಭಯ ಇದೆ. ಬೋರ್‌ಗೆ ‘ಒಳವ್ಯಾಸ’ ಸಾಕು. ಸ್ಟ್ರೋಕ್ ಬಗ್ಗೆ ಯೋಚಿಸಬೇಕು.

ಉತ್ತರ, ಇನ್ನೊಬ್ಬರಿಂದ:

ಬೋರ್ ಅಂದರೆ ಆಳ ಅಲ್ವಾ? ನಮ್ಮ ತೋಟದಲ್ಲಿ 400 ಅಡಿ ಬೋರ್ ಹಾಕಿಸಿದ್ದೇವೆ. ಯಾರು ಕೇಳಿದರೂ ‘ಬೋರ್ ಎಷ್ಟು’ ಅಂದರೆ ಅಡಿಯಲ್ಲೇ ಹೇಳೋದು. ಅದೇ ಲೆಕ್ಕದಲ್ಲಿ ಸಿಲಿಂಡರಿನ ಆಳ 50 ಮಿ.ಮೀ. ಇರಬೇಕು. ‘ಕೊರೆತ’ ಸರಿಯಾಗೇ ಇದೆ ಅಂತ ನನ್ನ ಅನಿಸಿಕೆ. ಅಂದಹಾಗೆ ಎರಡು ವರ್ಷದಿಂದ ಅದರಲ್ಲಿ ನೀರು ಕಮ್ಮಿಯಾಗಿದೆ, ಯಾರಿಗಾದರೂ ಉಪಾಯ ಗೊತ್ತಿದ್ದರೆ ತಿಳಿಸಿ.

ಉತ್ತರ, ಗ್ಯಾರೇಜ್ ನಡೆಸುವವರಿಂದ:

ಮೇಡಂ, ನಾವು ಈ ಪದಗಳನ್ನು ಮುಟ್ಟೋದೇ ಇಲ್ಲ. ಬೋರ್ ಬೋರೇ, ಸ್ಟ್ರೋಕ್ ಸ್ಟ್ರೋಕೇ. ‘ಬೋರ್ ಮಾಡಿಸಬೇಕು’ ಅಂದರೆ ಗಿರಾಕಿಗೆ ಅರ್ಥ ಆಗುತ್ತದೆ. ‘ಒಳವ್ಯಾಸ ಮಾಡಿಸಬೇಕು’ ಅಂದರೆ ಆಗೋದಿಲ್ಲ. ಹೋದ ವಾರ ಇದೇ 50 ಮಿ.ಮೀ. ಬೋರಿನ ಗಾಡಿ ಬಂತು. ನೀಲಿ ಹೊಗೆ, ಆಯಿಲ್ ತಿನ್ನುತ್ತಿತ್ತು. ಸಿಲಿಂಡರ್ ಬಿಚ್ಚಿ ಬೆರಳಾಡಿಸಿದರೆ ಮೇಲ್ಗಡೆ, ಪಿಸ್ಟನ್ ಸುತ್ತ ಇರೋ ರಿಂಗ್ ನಿಂತು ವಾಪಸ್ ತಿರುಗೋ ಜಾಗದಲ್ಲಿ, ಒಂದು ಮೆಟ್ಟಿಲು ತಗುಲುತ್ತಿತ್ತು. ಗೇಜ್ ಇಟ್ಟು ನೋಡಿದರೆ ಕೊಳವೆ ದುಂಡಗೂ ಉಳಿದಿರಲಿಲ್ಲ. ಕೊಳವೆ ಅಗಲ ಆಗೋ ಹಾಗೆ 0.50 ಮಿ.ಮೀ. ಬೋರ್ ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿದೆ. ಈಗ ಗಿರಾಕಿ ‘ನನ್ನ ಗಾಡಿ 100 ಸಿಸಿಯಿಂದ 125 ಸಿಸಿ ಆಯ್ತಾ’ ಅಂತ ಕೇಳುತ್ತಿದ್ದಾರೆ. ಎಷ್ಟಾಗಿರುತ್ತೆ ಹೇಳಿ.

ಉತ್ತರ, ಬೈಕ್ ಓಡಿಸುವ ಹುಡುಗರೊಬ್ಬರಿಂದ:

ಪದ ಏನಾದರೂ ಇಡಿ, ಒಂದು ಮಾತು ಸೇರಿಸಿ. ಸ್ಟ್ರೋಕ್ ಉದ್ದ ಇದ್ದರೆ ಎಳೆತ ಜಾಸ್ತಿ. ಉದ್ದ ಸ್ಪ್ಯಾನರಿನಲ್ಲಿ ನಟ್ ಸುಲಭವಾಗಿ ಬಿಚ್ಚುತ್ತದಲ್ಲ, ಹಾಗೆ. ಬೋರ್ ದೊಡ್ಡದಿದ್ದರೆ ವೇಗ ಜಾಸ್ತಿ.

—

ಎಲ್ಲರಿಗೂ ವಂದನೆ.

ಮೊದಲು ಬೋರ್‌ವೆಲ್ ಮಾತು. ನೀವು ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಕನ್ನಡದಲ್ಲಿ ‘ಬೋರ್’ ಅಂದ ಕೂಡಲೇ ನೆನಪಾಗುವುದು ಅದೇ, ಅದರ ಆಳವೇ. ಎಂಜಿನ್ನಿನಲ್ಲಾದರೆ ಬೋರ್ ಅಂದರೆ ಒಳಗಿನ ಅಗಲ. ನಿಮ್ಮ ಬೋರಿನಲ್ಲೂ ಕೇಸಿಂಗ್ ಪೈಪ್ ತರಲು ಹೋದಾಗ ಇಂಚಿನಲ್ಲಿ ಹೇಳಿರುತ್ತೀರಿ, ಆ ಇಂಚಿನ ಲೆಕ್ಕಕ್ಕೆ ಇದು ಸಮ. ‘ಕೊರೆತ’ ಬೇಡ ಅನ್ನಲು ಇದೇ ಕಾರಣ. ಅದು ಕೊರೆಯುವ ಕೆಲಸವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ನೀರಿನ ವಿಷಯ ನನಗೆ ಗೊತ್ತಿಲ್ಲ.

ಗ್ಯಾರೇಜಿನವರಿಗೆ: 50 ಇದ್ದದ್ದು 50.5 ಆಯಿತು. ಸ್ಟ್ರೋಕ್ ಬದಲಾಗಲಿಲ್ಲ, ಅದನ್ನು ತೀರ್ಮಾನಿಸುವುದು ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್. ಕ್ರ್ಯಾಂಕ್ ಪಿನ್ ಅದರ ಸುತ್ತಿನ ನಡುವಿನಿಂದ 24.75 ಮಿ.ಮೀ. ಆಚೆ ಇದೆ, ಅದರ ಎರಡರಷ್ಟು 49.5. ಹಾಗಾಗಿ ಹೊಸ ಲೆಕ್ಕ 99.1 ಸಿಸಿ. ಎರಡು ಸಿಸಿಯೂ ಪೂರ್ತಿ ಹೆಚ್ಚಾಗಲಿಲ್ಲ. ಗಿರಾಕಿಗೆ ಗಾಡಿ ಚುರುಕಾಗಿದೆ ಅನಿಸುತ್ತಿದ್ದರೆ ಅದು ರಿಂಗ್ ಮತ್ತೆ ಸರಿಯಾಗಿ ಕೂತು ಒತ್ತಡ ಸೋರುವುದು ನಿಂತಿದ್ದಕ್ಕೆ.

ಬೈಕ್ ಓಡಿಸುವ ಗೆಳೆಯರೇ, ನಿಮ್ಮ ಮಾತು ಅರ್ಧ ಸರಿ. ಸ್ಟ್ರೋಕ್ ಉದ್ದ ಆದರೆ ಕ್ರ್ಯಾಂಕಿನ ತೋಳು ಉದ್ದ, ನಿಜ. ಆದರೆ ಸಿಸಿ ಅಷ್ಟೇ ಇರಬೇಕಾದರೆ ಪಿಸ್ಟನ್ ತಲೆ ಚಿಕ್ಕದಾಗಬೇಕು. ಅದರ ಮೇಲೆ ಬೀಳುವ ಒತ್ತು ಕಡಿಮೆಯಾಗುತ್ತದೆ. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಯಿತು. ಸ್ಪ್ಯಾನರ್ ಉದ್ದ ಮಾಡಿ ಕೈಬಲ ಅಷ್ಟೇ ಕಡಿಮೆ ಮಾಡಿದ ಹಾಗೆ. ನಿಜವಾದ ವ್ಯತ್ಯಾಸ ಎಂಜಿನ್ ಎಷ್ಟು ವೇಗವಾಗಿ ಸುತ್ತಬಹುದು ಅನ್ನುವುದರಲ್ಲಿದೆ. 72 × 85.8ರ ಎಂಜಿನ್ 349 ಸಿಸಿ. 89 × 60ರದು 373 ಸಿಸಿ. ಸಿಸಿಯಲ್ಲಿ ಇವು ಹತ್ತಿರ ಹತ್ತಿರ. ಮೊದಲನೆಯದು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಪಿಸ್ಟನ್ ಸರಾಸರಿ ಸೆಕೆಂಡಿಗೆ 17 ಮೀಟರ್ ಓಡುತ್ತದೆ. ಎರಡನೆಯದು 9000 ಸುತ್ತು ತಿರುಗಿದರೂ 18 ಮೀಟರೇ. ಪಿಸ್ಟನ್ನಿಗೆ ಹೆಚ್ಚುಕಮ್ಮಿ ಅಷ್ಟೇ ಓಟ, ಆದರೆ ಎರಡನೆಯದು ಒಂದೂವರೆ ಪಟ್ಟು ಸಲ ಉರಿಯುತ್ತದೆ. ಜೊತೆಗೆ ಅಗಲದ ತಲೆ ಮೇಲೆ ದೊಡ್ಡ ವಾಲ್ವ್ ಕೂರಿಸಬಹುದು, ಅಷ್ಟು ವೇಗದಲ್ಲೂ ಉಸಿರಾಟಕ್ಕೆ ತೊಂದರೆ ಇಲ್ಲ. ಉದ್ದ ಸ್ಟ್ರೋಕಿನ ಎಂಜಿನ್ನನ್ನು ಸಾಮಾನ್ಯವಾಗಿ ಕಡಿಮೆ ಸುತ್ತಿನಲ್ಲೇ ಚೆನ್ನಾಗಿ ಎಳೆಯುವ ಹಾಗೆ ಹೊಂದಿಸಿರುತ್ತಾರೆ. ನಿಮಗೆ ಆ ಎಳೆತ ಗೊತ್ತಾಗುವುದು ಅದಕ್ಕೇ.

ಪದಕ್ಕೆ ವಾಪಸ್. ‘ಘನಫಲ’ ತಮ್ಮನಿಗೂ ಹಿಡಿಸಿದೆ. ‘ಒಳವ್ಯಾಸ’ ಅರ್ಥಕ್ಕೆ ಸರಿ, ಆದರೆ ಗ್ಯಾರೇಜಿನವರ ಮಾತನ್ನು ತಳ್ಳಿಹಾಕಲು ಮನಸ್ಸಿಲ್ಲ. ಬ್ರೋಷರ್ ಓದಿದವರು ಕೊನೆಗೆ ಹೋಗುವುದು ಅವರ ಹತ್ತಿರವೇ ಅಲ್ವಾ? ಸ್ಟ್ರೋಕ್ ಉದ್ದಕ್ಕೆ ನಾನು ‘ಪಿಸ್ಟನ್ ಓಟ’ ಅಂತ ಇಟ್ಟು ನೋಡಿದೆ. ‘ಪಿಸ್ಟನ್ ಓಟ 49.5 ಮಿ.ಮೀ.’ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ‘ನಾಲ್ಕು ಓಟದ ಎಂಜಿನ್’ ಅಂದರೆ ತಮ್ಮ ಒಪ್ಪುತ್ತಿಲ್ಲ. ಎಣಿಕೆಗೆ ‘ಫೋರ್ ಸ್ಟ್ರೋಕ್’ ಹಾಗೇ ಉಳಿಸಿ, ಉದ್ದಕ್ಕೆ ಮಾತ್ರ ‘ಓಟ’ ಬಳಸಬಹುದಾ? ಹಾಗೆ ಮಾಡಿದರೆ ಎರಡರ ನಡುವಿನ ನಂಟು ಕಾಣುವುದಿಲ್ಲ ಅನ್ನೋ ಅಳುಕು ನನಗಿದೆ. ಆದರೆ ನಾಲ್ಕರಿಂದ ಗುಣಿಸುವ ತಪ್ಪು ಮಾತ್ರ ಯಾರೂ ಮಾಡುವುದಿಲ್ಲ. ನೀವೇನಂತೀರಿ?