ಅಪ್‌ಡೇಟ್: ಮಾರಿದ ಯಂತ್ರ ಕೊನೆಗೂ ಲೆಡ್ಜರ್‌ನಿಂದ ಹೊರಗೆ ಹೋಯಿತು

ನಾನು ಕೇಳಿದ್ದು: "5,00,000ಕ್ಕೆ ಕೊಂಡ ಯಂತ್ರವನ್ನು 1,70,000ಕ್ಕೆ ಮಾರಿದೆವು. ಬ್ಯಾಂಕ್ ಡೆಬಿಟ್, ಯಂತ್ರ ಕ್ರೆಡಿಟ್ ಮಾಡಿದ್ದೇನೆ. ಯಂತ್ರದ ಖಾತೆಯಲ್ಲಿ ಇನ್ನೂ 3,30,000 ಯಾಕೆ ಉಳಿದಿದೆ?"

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ತಪ್ಪು ಒಂದಲ್ಲ, ಎರಡಿತ್ತು.

ಮೊದಲನೆಯದು ನೀವು ಹೇಳಿದ್ದೇ. ಯಂತ್ರ ಹೋಯಿತು, ಅದರ ಸಂಚಿತ ಸವಕಳಿ 3,00,000 ಮಾತ್ರ ಪುಸ್ತಕದಲ್ಲೇ ಕೂತಿತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದ್ದರಿಂದ ನನಗೆ ಅನುಮಾನವೇ ಬಂದಿರಲಿಲ್ಲ.

ಎರಡನೆಯದು ಸರಿಪಡಿಸಲು ಕೂತಾಗ ಸಿಕ್ಕಿತು. ಆ 3,00,000 ಕಳೆದ ವರ್ಷದ ಕೊನೆಯವರೆಗಿನದು. ಮಾರಿದ್ದು ಈ ವರ್ಷದ ಆರು ತಿಂಗಳು ಮುಗಿದ ಮೇಲೆ. ವರ್ಷಕ್ಕೆ 1,00,000ದಂತೆ ಇನ್ನೂ 50,000 ಸವಕಳಿ ಹಾಕಬೇಕಿತ್ತು. ಅದನ್ನು ಹಾಕಿದ ಮೇಲೆ ಸಂಚಿತ ಸವಕಳಿ 3,50,000, ಪುಸ್ತಕ ಮೌಲ್ಯ 1,50,000. ಅಂದರೆ 20,000 ಲಾಭ! ನಾನು 30,000 ನಷ್ಟ ಅಂದುಕೊಂಡಿದ್ದೆ.

ತಮಾಷೆ ಏನೆಂದರೆ, ವರ್ಷದ ಒಟ್ಟು ಫಲಿತಾಂಶ ಎರಡರಲ್ಲೂ ಒಂದೇ: 50,000 ಸವಕಳಿಯಲ್ಲಿ 20,000 ಲಾಭ ಕಳೆದರೆ ಅದೇ 30,000. ಆದರೆ ಆರು ತಿಂಗಳ ಬಳಕೆಯ ಖರ್ಚನ್ನು ಮಾರಾಟದ ನಷ್ಟ ಎಂದು ತೋರಿಸುವುದು ಸರಿಯಲ್ಲ.

ಹಳೆಯ ಎಂಟ್ರಿ ಅಳಿಸಲಿಲ್ಲ. 50,000 ಸವಕಳಿ ಹಾಕಿ, ನಂತರ ಇದನ್ನು ಸೇರಿಸಿದೆ:

```
ಡೆಬಿಟ್  ಸಂಚಿತ ಸವಕಳಿ   3,50,000
ಕ್ರೆಡಿಟ್ ಯಂತ್ರ          3,30,000
ಕ್ರೆಡಿಟ್ ಮಾರಾಟದ ಲಾಭ     20,000
```

ಈಗ ಆ ಯಂತ್ರದ ಎರಡೂ ಖಾತೆ ಸೊನ್ನೆ. ಆಸ್ತಿ ರಿಜಿಸ್ಟರ್‌ನಲ್ಲೂ 'ಮಾರಾಟವಾಗಿದೆ' ಎಂದು ಗುರುತು ಹಾಕಿದೆ, ಇಲ್ಲದಿದ್ದರೆ ಸಾಫ್ಟ್‌ವೇರ್ ಮುಂದಿನ ತಿಂಗಳೂ ಸವಕಳಿ ಎಳೆಯುತ್ತಿತ್ತು.